ಹತ್ತು ಪುಸ್ತಕಗಳ ಸೇತುವೆ

ನಮ್ಮ ಮೆಟ್ರೋ ಮೇಲ್ಸೇತುವೆಯ ಬಗ್ಗೆ ಒಂದು ವಿಡಿಯೋ. ಎಂಜಿನಿಯರ್ ಬರೆದುಕೊಟ್ಟ ಸಾಲು: ‘ಪ್ರೀಕಾಸ್ಟ್ ಸೆಗ್ಮೆಂಟ್‌ಗಳನ್ನು ಪೋಸ್ಟ್-ಟೆನ್ಷನಿಂಗ್ ಮಾಡಲಾಗುತ್ತದೆ.’ ಇದು ನಮ್ಮಮ್ಮನಿಗೆ ಅರ್ಥ ಆಗಲ್ಲ. ‘ಕಾಂಕ್ರೀಟ್ ತುಂಡುಗಳನ್ನು ಉಕ್ಕಿನ ತಂತಿಯಿಂದ ಕಟ್ಟುತ್ತಾರೆ’ ಅಂದರೆ ಅಮ್ಮನಿಗೆ ಅರ್ಥ ಆಗತ್ತೆ, ಎಂಜಿನಿಯರ್ ಒಪ್ಪಲ್ಲ. ಯಾಕಂದ್ರೆ ಇಲ್ಲಿ ತಂತಿಯ ಕೆಲಸ ಕಟ್ಟೋದಲ್ಲ, ಒತ್ತೋದು. ಕಾಂಕ್ರೀಟ್ ಒತ್ತಿದರೆ ತಡೆಯುತ್ತದೆ, ಎಳೆದರೆ ಬಿರುಕು ಬಿಡುತ್ತದೆ. ರೈಲಿನ ಭಾರಕ್ಕೆ ಸೇತುವೆ ಬಾಗಿದಾಗ ಅದರ ತಳ ಎಳೆತಕ್ಕೆ ಸಿಗುತ್ತದೆ. ಅದಕ್ಕೇ ಅದನ್ನು ಮೊದಲೇ ಒತ್ತಿಟ್ಟಿರಬೇಕು.

ಹಾಗಾಗಿ ಹೀಗೆ ಬರೆದೆ: ‘ಹತ್ತು ಪುಸ್ತಕಗಳನ್ನು ಸಾಲಾಗಿ ಜೋಡಿಸಿ, ಎರಡೂ ತುದಿಗಳನ್ನು ಕೈಯಿಂದ ಗಟ್ಟಿಯಾಗಿ ಒತ್ತಿ ಎತ್ತಿ. ಒಂದೂ ಬೀಳಲ್ಲ. ಸೇತುವೆಯಲ್ಲಿ ಈ ಕೈಗಳ ಕೆಲಸವನ್ನು ಬಿಗಿಯಾಗಿ ಎಳೆದು ಕಚ್ಚಿಸಿದ ಉಕ್ಕಿನ ತಂತಿಗಳು ಮಾಡುತ್ತವೆ.’

ಎಂಜಿನಿಯರ್ ಓದಿ, “ಸರಿ ಇದೆ. ಆದ್ರೆ ಎಲ್ಲಿ ಒತ್ತುತ್ತೀವಿ ಅನ್ನೋದೂ ಬರಬೇಕಲ್ಲ?” ಅಂದ್ರು. ನ್ಯಾಯವಾದ ಮಾತು. ಒಂದೇ ಸಾಲು ಸೇರಿಸಿದೆ: ‘ಎರಡು ಕಂಬಗಳ ನಡುವೆ, ಬಿರುಕು ಬಿಡಬಹುದಾದ ತಳದ ಹತ್ತಿರವೇ ತಂತಿ ಹಾದುಹೋಗುತ್ತದೆ.’

‘ಪೋಸ್ಟ್-ಟೆನ್ಷನಿಂಗ್’ ಪದವನ್ನು ತೆಗೆಯಲಿಲ್ಲ. ಪುಸ್ತಕಗಳು ತೆರೆಯ ಮೇಲೆ ಬಂದುಹೋದ ಮೇಲೆ, ಒಂದು ಸಲ ಹೇಳಿಸಿದೆ. ಅಷ್ಟರಲ್ಲಿ ನೋಡುವವರಿಗೆ ವಿಷಯ ಗೊತ್ತಾಗಿರುತ್ತದೆ, ಹೆಸರು ಮಾತ್ರ ಹೊಸದು.