ಹೆಡ್ ಅಂದ್ರೆ ಬರೀ ತಲೆ ಅಲ್ಲ

ಯಂತ್ರಗಳ ಜೊತೆ ಬರುವ ಇಂಗ್ಲಿಷ್ ಕೈಪಿಡಿಗಳನ್ನು ಕನ್ನಡಕ್ಕೆ ತರೋದು ನನ್ನ ಕೆಲಸ. ಅದರಲ್ಲಿ ನನ್ನನ್ನು ಅತಿ ಹೆಚ್ಚು ಹೊತ್ತು ಕೂರಿಸಿದ್ದು ಯಾವುದೋ ಉದ್ದದ ಪದವಲ್ಲ, ‘ಹೆಡ್’ ಅನ್ನೋ ಪುಟ್ಟ ಪದ.

ನೀರಾವರಿ ಜಮೀನೊಂದರಲ್ಲೇ ಈ ಪದಕ್ಕೆ ಮೂರು ಅರ್ಥ ಸಿಗುತ್ತೆ. ಡೀಸೆಲ್ ಎಂಜಿನ್ನಿನಲ್ಲಿ ಹೆಡ್ ಅಂದರೆ ಸಿಲಿಂಡರ್ ಮೇಲೆ ಬೋಲ್ಟ್ ಹಾಕಿ ಕೂರಿಸುವ ಲೋಹದ ಭಾಗ. ಕಾಲುವೆಯಲ್ಲಿ ಹೆಡ್ ಅಂದರೆ ನೀರು ಮೊದಲು ಬಿಡುವ ಜಾಗ. ಅದರ ಇನ್ನೊಂದು ತುದಿಯೇ, ನೀರು ತಲುಪಲಿಲ್ಲ ಅಂತ ರೈತರು ಗೋಳಾಡುವ ಟೇಲ್ ಎಂಡ್. ಪಂಪಿನಲ್ಲಿ ಹೆಡ್ ಅನ್ನೋದು ಕೈಗೆ ಸಿಗುವ ವಸ್ತುವೇ ಅಲ್ಲ. ನೀರನ್ನು ಎತ್ತಿ ಸಾಗಿಸಲು ಪಂಪು ಎಷ್ಟು ಶ್ರಮ ಪಡಬೇಕು ಅನ್ನೋದನ್ನು ಮೀಟರಿನಲ್ಲಿ ಹೇಳುವ ಲೆಕ್ಕ ಅದು.

‘ಒಟ್ಟು ತಲೆ 75 ಮೀಟರ್’ ಅಂತ ಅನುವಾದವಾದರೆ ಓದಿದವರು ನಕ್ಕು ಸುಮ್ಮನಾಗ್ತಾರೆ, ಏನೋ ತಪ್ಪಿದೆ ಅಂತ ಗೊತ್ತಾಗುತ್ತೆ. ಅಪಾಯ ಇರೋದು ಸರಿಯಾಗೇ ಕಾಣುವ ‘ಎತ್ತರ’, ‘ಆಳ’ ಅನ್ನೋ ಪದಗಳಲ್ಲಿ.

ಒಂದು ಲೆಕ್ಕ ನೋಡಿ. ಬೋರ್‌ವೆಲ್ 120 ಮೀಟರ್ ಆಳ ಇದೆ. ಪಂಪನ್ನು 80 ಮೀಟರಿನಲ್ಲಿ ಇಳಿಬಿಟ್ಟಿದ್ದಾರೆ. ಪಂಪು ಓಡುವಾಗ ನೀರಿನ ಮಟ್ಟ ನೆಲದಿಂದ 60 ಮೀಟರ್ ಕೆಳಗೆ ನಿಲ್ಲುತ್ತೆ. ನೀರು ಬೀಳುವ ಟ್ಯಾಂಕಿನ ಬಾಯಿ ನೆಲದಿಂದ 8 ಮೀಟರ್ ಮೇಲಿದೆ. ಪೈಪು, ಬೆಂಡು, ವಾಲ್ವುಗಳ ಉಜ್ಜಾಟದಲ್ಲಿ ಕಳೆದುಹೋಗುವುದು 7 ಮೀಟರ್ ಅಂತಿಟ್ಟುಕೊಳ್ಳಿ. ಒಟ್ಟು ಹೆಡ್ 60, 8, 7 ಸೇರಿ 75. ಇದರಲ್ಲಿ 120ಕ್ಕೂ 80ಕ್ಕೂ ಜಾಗವೇ ಇಲ್ಲ. ಯಾಕಂದ್ರೆ ಬೋರಿನಲ್ಲಿರುವ ನೀರು ತಾನಾಗೇ 60 ಮೀಟರಿನ ಮಟ್ಟದವರೆಗೆ ನಿಂತಿರುತ್ತೆ. ಪಂಪು ಎತ್ತಬೇಕಾದ್ದು ಅಲ್ಲಿಂದ ಮೇಲಕ್ಕೆ.

ಈಗ ‘ಆಳ’ ಅಂತ ಬರೆದರೆ ಓದಿದವರು 120 ಮೀಟರಿನ ಪಂಪು ತರ್ತಾರೆ. ಬೇಡದ ದುಡ್ಡು ಹೋಗುತ್ತೆ. ಪಂಪು ಅಂದುಕೊಂಡಿದ್ದಕ್ಕಿಂತ ಹೆಚ್ಚು ನೀರು ಎಳೆಯುತ್ತೆ, ಮೋಟರಿನ ಮೇಲೂ ಹೊರೆ ಬೀಳಬಹುದು. ‘ಎತ್ತರ’ ಅಂತ ಬರೆದರೆ ಉಜ್ಜಾಟದ 7 ಮೀಟರ್ ಬಿಟ್ಟುಹೋಗುತ್ತೆ. 68 ಮೀಟರಿಗೆ ಅಂತ ಆರಿಸಿದ ಪಂಪು ಕೆಟ್ಟಿರಲ್ಲ, ಆದರೆ ಹೇಳಿದಷ್ಟು ನೀರು ಕೊಡಲ್ಲ. ಆಗ ಬೈಗುಳ ತಿನ್ನೋದು ಪಂಪು, ಪದವಲ್ಲ.

ಹಾಗಾಗಿ ನಾನು ಮೊದಲು ಪದವನ್ನಲ್ಲ, ಅದರ ಅಕ್ಕಪಕ್ಕ ನೋಡ್ತೀನಿ. ಪಕ್ಕದಲ್ಲಿ ಬೋಲ್ಟು, ಗ್ಯಾಸ್ಕೆಟ್ ಇದ್ದರೆ ಎಂಜಿನ್ ಭಾಗ. ತೂಬು, ಗೇಟು ಇದ್ದರೆ ಕಾಲುವೆಯ ಮೊದಲು. ಮೀಟರ್ ಅಥವಾ ಅಡಿಯ ಅಂಕಿ ಇದ್ದು, ಜೊತೆಗೆ ನಿಮಿಷಕ್ಕಿಷ್ಟು ಲೀಟರ್ ಅಂತ ಇದ್ದರೆ ಪಂಪಿನ ಲೆಕ್ಕ. ಅಲ್ಲಿ ‘ಹೆಡ್’ ಅಂತಲೇ ಉಳಿಸಿ, ಮೊದಲ ಸಲ ಬಂದಾಗ ಒಂದು ಸಾಲು ಸೇರಿಸ್ತೀನಿ: ಓಡುವಾಗಿನ ನೀರಿನ ಮಟ್ಟದಿಂದ ನೀರು ಬೀಳುವ ಜಾಗದವರೆಗಿನ ಎತ್ತರ, ಅದಕ್ಕೆ ಪೈಪಿನ ಉಜ್ಜಾಟದ ನಷ್ಟ ಕೂಡಿಸಿ. ಪಂಪಿನ ಅಂಗಡಿಯವರೂ ಹೆಡ್ ಅಂತಲೇ ಕೇಳೋದು.