ಅಕ್ಷತೆ ಎಲ್ಲಿ ಹೋಯಿತು?

ಅಜ್ಜಿಯ ಮದುವೆಯ ರೀಲು ಟ್ರಂಕಿನ ತಳದಲ್ಲಿತ್ತು. 1970ರ ದಶಕದ ಸೂಪರ್ 8 ಫಿಲ್ಮು, 50 ಅಡಿ ಉದ್ದ. ಮುಂಬಯಿಯಿಂದ ಬಂದಿದ್ದ ನೆಂಟರೊಬ್ಬರು ತೆಗೆದದ್ದು. ಅದರಲ್ಲಿ ಅಜ್ಜಿಯ ಅವ್ವ ಇದ್ದಾರೆ. ಅವರ ಒಂದು ಫೋಟೊ ಕೂಡ ಮನೆಯಲ್ಲಿಲ್ಲ. ಹಾಗಾಗಿ ಈ ರೀಲನ್ನು ಸರಿಮಾಡಿ ಕೊಡುತ್ತೇವೆ ಅಂತ ನಾವು ಮೂವರು ಒಪ್ಪಿಕೊಂಡೆವು.

ಪೇಟೆಯಲ್ಲಿ ಸ್ಕ್ಯಾನ್ ಮಾಡಿಸಿದಾಗ 3600 ಬಿಡಿ ಚಿತ್ರಗಳು ಬಂದವು. ಸೆಕೆಂಡಿಗೆ 18ರಂತೆ ಓಡಿಸಿದರೆ ಬರೀ ಮೂರು ನಿಮಿಷ ಇಪ್ಪತ್ತು ಸೆಕೆಂಡು. ಫಿಲ್ಮಿನ ಮೇಲೆ ಒಂದೊಂದು ಚಿತ್ರದ ಅಗಲ 6 ಮಿಲಿಮೀಟರಿಗೂ ಕಡಿಮೆ. ಅಷ್ಟು ಚಿಕ್ಕದರ ಮೇಲೆ ಕೂದಲೆಳೆ ಬಿದ್ದರೆ ಟಿವಿಯಲ್ಲಿ ಹಗ್ಗದಂತೆ ಕಾಣುತ್ತದೆ.

ಧೂಳು ತೆಗೆಯುವ ಉಪಾಯ ಸರಳ. ಧೂಳಿನ ಕಣ ಸಾಮಾನ್ಯವಾಗಿ ಒಂದೇ ಚಿತ್ರದಲ್ಲಿರುತ್ತದೆ, ಹಿಂದಿನ ಮುಂದಿನ ಚಿತ್ರಗಳಲ್ಲಿ ಅದೇ ಜಾಗ ಚೊಕ್ಕಟವಾಗಿರುತ್ತದೆ. ಕಪ್ಪಿಗೆ 0, ಬಿಳಿಗೆ 255 ಅಂತ ಲೆಕ್ಕ ಇಟ್ಟುಕೊಳ್ಳಿ. ಗೋಡೆಯ ಒಂದು ಚುಕ್ಕೆ ಮೂರು ಚಿತ್ರಗಳಲ್ಲಿ 180, 30, 176 ಇದೆ. ಆ 30 ಧೂಳು. ಮೂರರಲ್ಲಿ ನಡುವಿನ ಬೆಲೆಯಾದ 176 ಹಾಕಿದರೆ ಧೂಳು ಮಾಯ. AviSynth ಎಂಬ ಉಚಿತ ತಂತ್ರಾಂಶಕ್ಕೆ ಸಿಗುವ Clense ಮಾಡುವುದು ಇದನ್ನೇ. ನಾವು ಇಡೀ ರೀಲಿಗೆ ಅದನ್ನು ಓಡಿಸಿದೆವು. ಚಿತ್ರ ತೊಳೆದಿಟ್ಟಂತೆ ಕಂಡಿತು.

ಅಜ್ಜಿಗೆ ತೋರಿಸಿದೆವು. ಅವ್ವನ ಮುಖ ಕಂಡು ಕಣ್ಣೊರೆಸಿಕೊಂಡರು. ಸ್ವಲ್ಪ ಹೊತ್ತಿಗೆ ಕೇಳಿದರು: "ಏನ್ರಪ್ಪಾ, ನಮ್ಮವ್ವ ಕೈ ಎತ್ತಿದ್ಲು, ಮುಷ್ಟಿ ಬಿಚ್ಚಿದ್ಲು. ಅಕ್ಷತೆ ಎಲ್ಲಿ ಹೋಯ್ತು?"

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹಾರುವ ಅಕ್ಕಿಕಾಳು ಕೂಡ ಒಂದು ಜಾಗದಲ್ಲಿ ಒಂದೇ ಚಿತ್ರದಲ್ಲಿರುತ್ತದೆ. ಕಪ್ಪು ಬಾಗಿಲಿನ ಮುಂದೆ ಅದರ ಲೆಕ್ಕ 60, 210, 64. ನಡುವಿನ ಬೆಲೆ 64. ಅಲ್ಲಿಗೆ ಕಾಳು ಹೋಯಿತು, ಬಾಗಿಲು ಉಳಿಯಿತು. ಅವ್ವ ಮಗಳಿಗೆ ಹಾಕಿದ ಅಕ್ಷತೆಯನ್ನು ನಾವು ಧೂಳೆಂದು ಗುಡಿಸಿಬಿಟ್ಟಿದ್ದೆವು.

ಪುಣ್ಯಕ್ಕೆ ಮೂಲ ಸ್ಕ್ಯಾನನ್ನು ಅಳಿಸಿರಲಿಲ್ಲ. ಮತ್ತೆ ಕೂತು ನೋಡಿದಾಗ ಒಂದು ದಾರಿ ಕಂಡಿತು. ಇದು ಪ್ರಿಂಟ್ ಅಲ್ಲ, ಕ್ಯಾಮೆರಾದಲ್ಲಿ ಓಡಿದ ಫಿಲ್ಮನ್ನೇ ತೊಳೆದು ಮಾಡಿದ ಪಾಸಿಟಿವ್. ಇದರ ಮೇಲೆ ಕೂತ ಧೂಳು ಸ್ಕ್ಯಾನರಿನ ಬೆಳಕನ್ನು ತಡೆಯುತ್ತದೆ, ಹಾಗಾಗಿ ಕಪ್ಪಾಗಿ ಕಾಣುತ್ತದೆ. ಅಕ್ಷತೆಯೋ ಬೆಳ್ಳಗಿದೆ. ಆದ್ದರಿಂದ ನಿಯಮ ಬದಲಿಸಿದೆವು: ಹಿಂದಿನ, ಮುಂದಿನ ಎರಡೂ ಚಿತ್ರಗಳಿಗಿಂತ ಕಪ್ಪಾಗಿರುವ ಚುಕ್ಕೆಯನ್ನು ಮಾತ್ರ ಮುಟ್ಟು. 30 ಹೋಯಿತು, 210 ಉಳಿಯಿತು.

ಅದೂ ಪೂರ್ತಿ ಸಾಲಲಿಲ್ಲ. ವರನ ಬಿಳಿ ಅಂಗಿಯ ಮುಂದೆ ಹಾದ ಕಾಳುಗಳು ಅಂಗಿಗಿಂತ ಕಪ್ಪು, ಅವು ಮತ್ತೆ ಅಳಿಸಿಹೋದವು. ಕೈ ಎತ್ತಿದಾಗಿನಿಂದ ಕಾಳು ಬೀಳುವವರೆಗೆ ಮೂರು ಸೆಕೆಂಡು, ಅಂದರೆ 54 ಚಿತ್ರ. ಅಷ್ಟನ್ನು ಯಂತ್ರಕ್ಕೆ ಬಿಡದೆ ಕೈಯಲ್ಲೇ ಮಾಡಿದೆವು. ಪಕ್ಕದ ಚಿತ್ರದ ಅದೇ ಜಾಗವನ್ನು ತಂದು ಧೂಳಿನ ಮೇಲೆ ಮುಚ್ಚುವುದು. ಎರಡು ರಾತ್ರಿ ಹಿಡಿಯಿತು.

ಗೀರು ಮತ್ತು ಕೂದಲಿಗೆ ಈ ಉಪಾಯ ನಡೆಯುವುದಿಲ್ಲ. ಪ್ರೊಜೆಕ್ಟರಿನಲ್ಲಿ ಸಿಕ್ಕಿಕೊಂಡ ಮರಳಿನ ಕಣ ಓಡುವ ಫಿಲ್ಮನ್ನು ಉದ್ದಕ್ಕೂ ಗೀರುತ್ತದೆ. ಮೇಲಿಂದ ಕೆಳಗಿನ ಆ ಗೆರೆ ನೂರಾರು ಚಿತ್ರಗಳಲ್ಲಿ ಹೆಚ್ಚುಕಮ್ಮಿ ಅದೇ ಜಾಗದಲ್ಲಿರುವುದರಿಂದ ಪಕ್ಕದ ಚಿತ್ರದಿಂದ ಸಾಲ ತಂದರೂ ಗೀರೇ ಬರುತ್ತದೆ. ಗೆರೆಯ ಎಡಬಲದ ಬಣ್ಣದಿಂದಲೇ ತುಂಬಬೇಕು. ಹಾಗೆ ಮಾಡಿದಾಗ ಚಪ್ಪರದ ಒಂದು ತೆಳು ಕಂಬ ಕರಗಿತು, ಅಲ್ಲಿ ಗೀರನ್ನೇ ಉಳಿಸಿಕೊಂಡೆವು.

ಅಂಚಿನಲ್ಲಿ ಒಂದು ಕೂದಲು ಬಹಳ ಹೊತ್ತು ಅಲ್ಲಾಡುತ್ತಿತ್ತು. ಸ್ಕ್ಯಾನರನ್ನು ಒರೆಸಿ ಆ ತುಂಡನ್ನು ಇನ್ನೊಮ್ಮೆ ಸ್ಕ್ಯಾನ್ ಮಾಡಿಸಿದೆವು. ಹೋಗಲಿಲ್ಲ. ಅಂದರೆ ಅದು ಅಂದೇ ಕ್ಯಾಮೆರಾದ ಒಳಗಿದ್ದ ಕೂದಲು, ಚಿತ್ರದಲ್ಲೇ ಅಚ್ಚಾಗಿದೆ. ಅಂಚನ್ನು ಸ್ವಲ್ಪ ಕತ್ತರಿಸಿದೆವು.

ಈಗ ನಾವು ಯಾವ ರೀಲು ಮಾಡಿದರೂ ಒಂದು ಪರೀಕ್ಷೆ ತಪ್ಪಿಸುವುದಿಲ್ಲ. ಮೂಲ ಚಿತ್ರದಿಂದ ತೊಳೆದ ಚಿತ್ರವನ್ನು ಕಳೆದು ನೋಡುತ್ತೇವೆ. ತೆಗೆದುಹಾಕಿದ್ದು ಮಾತ್ರ ಅಲ್ಲಿ ಉಳಿಯುತ್ತದೆ. ಚದುರಿದ ಚುಕ್ಕೆಗಳಷ್ಟೇ ಇದ್ದರೆ ಸರಿ. ಬೆರಳಿನ ಆಕಾರವೋ, ಒಂದೇ ಕಡೆ ಸುರಿಯುವ ಕಾಳುಗಳ ಸಾಲೋ ಕಂಡರೆ ಅಲ್ಲಿಗೇ ನಿಲ್ಲಿಸುತ್ತೇವೆ.

ಎರಡನೇ ಸಲ ಅಜ್ಜಿ ಏನೂ ಕೇಳಲಿಲ್ಲ. ಅವ್ವನ ಕೈ ಬಿಚ್ಚಿದಾಗ ಸುಮ್ಮನೆ ತಲೆ ಬಗ್ಗಿಸಿದರು.