ಬುರುಡೆಗೆ ಪ್ರತ್ಯಯವಿಲ್ಲ

ಹೃದಯದ ಚಿಕಿತ್ಸೆ ಮುಗಿಸಿ ಹಾಸನದ ಮನೆಗೆ ಮರಳಿದ ವಾರವೇ ನನ್ನ ತಂದೆ ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದು ಪ್ರಸಂಗ ಬರೆದರು. ಕನ್ನಡಕಕ್ಕಾಗಿ ಅರ್ಧ ಗಂಟೆ ಮನೆಯೆಲ್ಲ ಜಾಲಾಡಿದರಂತೆ; ಅದು ತಲೆಯ ಮೇಲೆಯೇ ಇತ್ತಂತೆ. ಕಿದ್ವಾಯಿ ನಗರದ ನಮ್ಮ ಸರ್ಕಾರಿ ವಸತಿಯಲ್ಲಿ ಕುಳಿತಿದ್ದ ಮಗಳು ಕೂಡಲೇ ಉತ್ತರಿಸಿದಳು: 💀💀💀

ರಾತ್ರಿ ಅಮ್ಮನ ಕರೆ ಬಂತು. "ಆಸ್ಪತ್ರೆಯಿಂದ ಬಂದವರಿಗೆ ತಲೆಬುರುಡೆ ಕಳಿಸೋದೇನೋ?" ಧ್ವನಿ ನಡುಗುತ್ತಿತ್ತು. ಟ್ರಾನ್ಸ್‌ಫಾರ್ಮರಿನ ಅಪಾಯದ ಫಲಕದಲ್ಲಿ ಮಾತ್ರ ಬುರುಡೆ ಕಂಡವರು ಅವರು.

ಮಗಳನ್ನು ಕೇಳಿದೆ. "ಸತ್ತದ್ದು ತಾತ ಅಲ್ಲಪ್ಪ, ನಾನು" ಎಂದಳು. ಅಷ್ಟರಲ್ಲಿ ನನಗೆ ವಿಷಯ ಹೊಳೆಯಿತು. ಅಮ್ಮ ಚಿತ್ರವನ್ನು ನೋಡಿದ್ದರು. ಮಗಳು ಒಂದು ವಾಕ್ಯವನ್ನು ಬರೆದಿದ್ದಳು.

ಆ ವಾಕ್ಯ ಹಳೆಯದು. ನಕ್ಕು ಸಾಯುವ ಮಾತು ಷೇಕ್ಸ್‌ಪಿಯರನ 'ದಿ ಟೇಮಿಂಗ್ ಆಫ್ ದ ಶ್ರೂ' ನಾಟಕದಲ್ಲೇ ಇದೆ. ಮುಂದೆ ಇಂಗ್ಲಿಷಿನ ಯುವಜನರು ನಗುವಿನ ಪದವನ್ನೇ ಬಿಟ್ಟು, ಬರಿದೆ 'ಸತ್ತೆ' ಎನ್ನತೊಡಗಿದರು. ಆ ಒಂದು ಪದದ ಜಾಗಕ್ಕೆ ಬುರುಡೆ ಬಂದು ಕುಳಿತಿತು. 2010ರ ಯೂನಿಕೋಡ್ 6.0 ಆವೃತ್ತಿಯಲ್ಲಿ ಈ ಬುರುಡೆಯೂ ಆನಂದಬಾಷ್ಪದ ಮುಖವೂ ಜೊತೆಯಾಗಿಯೇ ಸೇರ್ಪಡೆಯಾಗಿದ್ದವು. ಮೊದಲು ಗೆದ್ದದ್ದು ಆನಂದಬಾಷ್ಪ. 2015ರಲ್ಲಿ ಆಕ್ಸ್‌ಫರ್ಡ್ ನಿಘಂಟಿನವರು ಅದನ್ನೇ ವರ್ಷದ ಪದವೆಂದು ಆರಿಸಿದರು. ಆದರೆ ಅಪ್ಪ, ಅಮ್ಮ, ಮೇಲಧಿಕಾರಿಗಳೆಲ್ಲ ಪ್ರತಿ ಸಾಲಿಗೂ ಅದನ್ನು ಅಂಟಿಸಿದಾಗ ಅದರ ನಗು ಸವೆಯಿತು. ನಿಜವಾಗಿಯೂ ನಕ್ಕೆನೆಂದು ಹೇಳಲು ಎಳೆಯರಿಗೆ ಇನ್ನೂ ಕಟುವಾದ ಗುರುತು ಬೇಕಾಯಿತು.

'ನಕ್ಕು ನಕ್ಕು ಸತ್ತೆ' ಎಂಬ ಮಾತು ನಮ್ಮಲ್ಲಿಯೂ ಉಂಟು. ಹಾಗಿದ್ದೂ ಅಮ್ಮ ಹೆದರಿದ್ದೇಕೆ? ಸತ್ತೆನು, ಸತ್ತನು ಎನ್ನುವಾಗ ಸತ್ತವರು ಯಾರೆಂಬುದನ್ನು ಕನ್ನಡದ ಪ್ರತ್ಯಯವೇ ತಿಳಿಸುತ್ತದೆ. ಬುರುಡೆಗೆ ಪ್ರತ್ಯಯವಿಲ್ಲ. ಅದು ಸದಾ ಉತ್ತಮ ಪುರುಷ, ಕಳಿಸಿದವರದೇ ಸಾವು ಎಂಬುದು ಬಳಸುವವರ ನಡುವಿನ ಒಪ್ಪಂದ. ಆ ಒಪ್ಪಂದದ ಹೊರಗಿರುವವರಿಗೆ ಅದು ಪ್ರಥಮ ಪುರುಷವಾಗಿ, ಕೆಲವೊಮ್ಮೆ ಶಾಪವಾಗಿಯೂ ಕಾಣುತ್ತದೆ. ಆದ್ದರಿಂದ ಬುರುಡೆ ಬಂದಾಗ ಅದರ ಮೇಲಿನ ಸಾಲನ್ನು ಓದಬೇಕು. ಅಲ್ಲಿ ಹಾಸ್ಯವಿದ್ದರೆ ಇದು ನಗು. ಪೇಚಿನ ಸುದ್ದಿಯಿದ್ದರೆ 'ಮಾನ ಹೋಯಿತು' ಎಂಬ ಉದ್ಗಾರ. ಕಾಯಿಲೆ, ಸಾವಿನ ಸುದ್ದಿಯ ಕೆಳಗೆ ಮಾತ್ರ ಅದು ಸಲ್ಲದು. ತಂದೆಯ ಸಂದೇಶವನ್ನು ಮಗಳು ಕನ್ನಡಕದ ಕಥೆಯೆಂದು ಓದಿದ್ದಳು. ಅಮ್ಮನಿಗೆ ಅದರ ಹಿಂದಿನ ಆಸ್ಪತ್ರೆ ಇನ್ನೂ ಕಾಣುತ್ತಿತ್ತು.

ಮರುದಿನ ಮಗಳು ಅಜ್ಜಿಗೆ ಕರೆ ಮಾಡಿ, "ನಕ್ಕು ನಕ್ಕು ಸತ್ತೆ ಅಂತ ಅರ್ಥ ಅಜ್ಜಿ" ಎಂದು ಬಿಡಿಸಿ ಹೇಳಿದಳು.

"ಬಿಡ್ತು ಅನ್ನು" ಎಂದು ಗದರಿದರು ಅಮ್ಮ. ಈಗ ಅವರ ಭಯ ಮೊಮ್ಮಗಳ ಆಯುಸ್ಸಿನ ಬಗ್ಗೆ!

ಅಂದಿನಿಂದ ಆ ಗುಂಪಿನಲ್ಲಿ ಮಗಳು 'ಹೊಟ್ಟೆ ಹುಣ್ಣಾಯಿತು' ಎಂದು ಬರೆಯುತ್ತಾಳೆ.